‘ಬರುತ್ತೇನೆ’ ಮತ್ತು ‘ಬರ್ತೀನಿ’

ಎರಡು ವರ್ಷಗಳಿಂದ ನಮ್ಮ ಕಿವಿ ಮಂದವಾಗಿದೆ. 34 ವರ್ಷ ಮಕ್ಕಳ ಗದ್ದಲದ ನಡುವೆ ಬಾಳಿದ ಕಿವಿಗೆ ಈಗ ಮನೆಯ ಮಾತೂ ನಿಲುಕುತ್ತಿಲ್ಲ. ಒಂದು ಮುಂಜಾನೆ ಸೊಸೆ ಅಡುಗೆಮನೆಯಿಂದಲೇ, “ಮಾವಾರ, ಗುಳಿಗಿ ತೊಗೊಂಡ್ರೇನ್ರಿ?” ಎಂದು ಕೇಳಿದಳು. ನಮ್ಮ ಕಿವಿಗೆ ಬಿದ್ದದ್ದು “…ಗೊಂಡ್ರೇನ್ರಿ” ಎಂಬ ಬಾಲ ಮಾತ್ರ. “ಬಾಯಿ ಬಿಟ್ಟು ಮಾತಾಡವ್ವಾ” ಎಂದು ನಾವು ಸಿಡುಕಿದೆವು. ಪಾಪ, ಅವಳು ಹೊರಗೆ ಬಂದು, “ಗು-ಳಿ-ಗೆ ತೆ-ಗೆ-ದು-ಕೊಂ-ಡಿ-ದ್ದೀ-ರಾ” ಎಂದು ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳಿದಳು. ಆಶ್ಚರ್ಯವೆಂದರೆ, ಆಗ ನಮಗೆ ಮೊದಲಿಗಿಂತಲೂ ಕಡಿಮೆ ತಿಳಿಯಿತು.

ಪರೀಕ್ಷಿಸಿದ ವೈದ್ಯರು ಒಂದು ಹಾಳೆಯ ಮೇಲೆ ಇಳಿಜಾರಿನಂಥ ಗೆರೆಯನ್ನು ತೋರಿಸಿ, “ನಿಮಗೆ ಸ್ವರಗಳು ಕೇಳುತ್ತವೆ ಮಾಸ್ತರರೇ, ವ್ಯಂಜನಗಳು ಜಾರಿಹೋಗುತ್ತವೆ” ಎಂದರು. ವಯಸ್ಸಾದ ಕಿವಿಯು ಮೊದಲು ಕಳೆದುಕೊಳ್ಳುವುದು ಎತ್ತರದ ದನಿಗಳನ್ನು. ಅ, ಆ, ಉ, ಓ ಮುಂತಾದ ಸ್ವರಗಳ ಬಲವೆಲ್ಲ ತಗ್ಗಿನ ದನಿಗಳಲ್ಲಿರುವುದರಿಂದ ಅವು ಉಳಿಯುತ್ತವೆ. ಸ, ಶ, ತ, ಕ ಇವುಗಳ ಗುರುತು ಎತ್ತರದ ದನಿಗಳಲ್ಲಿರುವುದರಿಂದ ಅವು ಅಳಿಯುತ್ತವೆ. ಮನೆಗೆ ಮರಳುವಾಗ ನಾವು ಇದನ್ನೇ ಯೋಚಿಸುತ್ತಿದ್ದೆವು. ಆಡುಮಾತಿನಲ್ಲಿ ನಮ್ಮವರು ನುಂಗುವುದು ಹೆಚ್ಚಾಗಿ ಸ್ವರಗಳನ್ನು. ‘ಕೆಲಸ’ ಎಂಬುದು ‘ಕೆಲ್ಸ’ವಾದಾಗ ಉಳಿಯುವ ಹುರುಳೆಲ್ಲ ವ್ಯಂಜನಗಳಲ್ಲಿದೆ. ಅವರು ಸ್ವರವನ್ನು ಬಿಡುತ್ತಾರೆ, ನಮ್ಮ ಕಿವಿ ವ್ಯಂಜನವನ್ನು ಬಿಡುತ್ತದೆ. ನಡುವೆ ಮಾತು ಎಲ್ಲಿ ಉಳಿಯಬೇಕು? ಹಾಗಾದರೆ ಇಷ್ಟು ದಿನ ನಾವು ಈ ನುಂಗಿದ ಮಾತನ್ನು ಅರಿತುಕೊಂಡದ್ದಾದರೂ ಹೇಗೆ? ಈ ಪ್ರಶ್ನೆಯು ನಮ್ಮನ್ನು ಒಂದು ಹಳೆಯ ತಪ್ಪಿನ ಬಳಿಗೆ ಕರೆದೊಯ್ದಿತು.

ಅಕ್ಕಲಕೋಟ ಸೀಮೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ನಾವು ಇನ್ನೂ ಎಳೆಯ ಮಾಸ್ತರರಾಗಿದ್ದ ಕಾಲ. ‘ನನ್ನ ಮನೆ’ ಎಂಬ ವಿಷಯವನ್ನು ಕೊಟ್ಟು ಐದನೆಯ ತರಗತಿಯವರಿಂದ ಹತ್ತು ಸಾಲು ಬರೆಯಿಸಿದೆವು. ಒಬ್ಬ ಹುಡುಗ ಬರೆದ: “ನಮ್ಮಪ್ಪ ಹೊಲ್ದಾಗ ಕೆಲ್ಸ ಮಾಡ್ತಾನ. ನಾ ದಿನಾ ಸಾಲಿಗಿ ಬರ್ತೀನಿ.” ಆ ಎರಡು ಸಾಲಿನಲ್ಲಿ ನಾವು ಆರು ಕಡೆ ಕೆಂಪು ಮಸಿ ಎಳೆದೆವು. ಅಷ್ಟಕ್ಕೇ ಬಿಡಲಿಲ್ಲ. ಅವನನ್ನು ಎದ್ದು ನಿಲ್ಲಿಸಿ ಓದಿಸಿದೆವು, ಒಂದೊಂದು ಶಬ್ದವನ್ನೂ ಬಿಡಿಸಿ ಹೇಳಿಸಿದೆವು. ತರಗತಿ ನಕ್ಕಿತು, ನಾವೂ ನಕ್ಕೆವು. ಆ ವರ್ಷವೆಲ್ಲ ಆ ಹುಡುಗ ಕೇಳಿದ್ದಕ್ಕೆ ತಲೆಯಾಡಿಸಿದನೇ ಹೊರತು ತಾನಾಗಿ ಬಾಯಿ ತೆರೆಯಲಿಲ್ಲ. ಗಲಾಟೆ ಮಾಡದ ಹುಡುಗನೆಂದು ನಾವು ಮೆಚ್ಚಿಕೊಂಡದ್ದೂ ಉಂಟು!

ವಿಚಿತ್ರವೇನೆಂದರೆ, ಅದೇ ವಾರ ಅದೇ ಶಾಲೆಯ ಮೇಲಿನ ತರಗತಿಗೆ ನಾವು ಸಂಧಿಪ್ರಕರಣವನ್ನು ಪಾಠ ಮಾಡುತ್ತಿದ್ದೆವು. ಲೋಪ, ಆಗಮ, ಆದೇಶ. ಊರು ಎಂಬುದಕ್ಕೆ ಅಲ್ಲಿ ಎಂಬುದು ಸೇರಿದರೆ ಊರಲ್ಲಿ; ನಡುವಿನ ಉಕಾರ ಲೋಪ. ಮಳೆ, ಕಾಲ ಎಂಬವು ಕೂಡಿದರೆ ಮಳೆಗಾಲ. ಕಕಾರಕ್ಕೆ ಗಕಾರ ಆದೇಶ. ಕಣ್ ಮತ್ತು ಪನಿ ಸೇರಿದರೆ ಕಂಬನಿ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿಯನ್ನು ಎಷ್ಟು ಸೂಕ್ಷ್ಮವಾಗಿ ವಿವೇಚಿಸಿದ್ದಾನೆಂದು ಹೆಮ್ಮೆಯಿಂದ ಹೇಳುತ್ತಿದ್ದೆವು. ಪುಸ್ತಕದಲ್ಲಿ ಉಕಾರ ಬಿದ್ದರೆ ಲೋಪಸಂಧಿ, ಹುಡುಗನ ಬಾಯಲ್ಲಿ ಬಿದ್ದರೆ ಕೆಂಪು ಮಸಿ. ಎರಡೂ ಒಂದೇ ನಾಲಗೆಯ ಕೆಲಸವೆಂದು ನಮಗೆ ಹೊಳೆಯಲೇ ಇಲ್ಲ.

ನಿವೃತ್ತಿಯ ಬಳಿಕ ಧ್ವನಿಶಾಸ್ತ್ರದ ಕೆಲವು ಪುಸ್ತಕಗಳನ್ನು ಓದಿದ ಮೇಲೆ ಆ ಹುಡುಗನ ಎರಡು ಸಾಲನ್ನು ನಾವು ಮತ್ತೆ ತಿದ್ದಲು ಕುಳಿತೆವು. ಈ ಸಲ ಮಸಿಯಿಲ್ಲದೆ. ಮೊದಲು ಕಂಡುಬಂದದ್ದು, ನಾವು ಒಂದೇ ಬಗೆಯ ತಪ್ಪೆಂದು ಎಣಿಸಿದವು ಎರಡು ಬಗೆಯವು ಎಂಬುದು. ‘ಕೆಲ್ಸ’ ಎಂದವನನ್ನು “ನಿಧಾನವಾಗಿ ಹೇಳು” ಎಂದರೆ ‘ಕೆಲಸ’ ಎಂದೇ ಹೇಳುತ್ತಾನೆ. ಬಿದ್ದುಹೋದ ಸ್ವರ ಅವನ ಮನಸ್ಸಿನಲ್ಲಿ ಇದ್ದೇ ಇದೆ, ಅವಸರದಲ್ಲಿ ಬಾಯಿ ಅದನ್ನು ದಾಟಿಹೋಗಿದೆ. ಆದರೆ ನಮ್ಮ ಸೀಮೆಯಲ್ಲಿ ‘ಮನಿ’ ಎಂದವನನ್ನು ಎಷ್ಟೇ ನಿಧಾನವಾಗಿ ಹೇಳಿಸಿದರೂ ಅವನು ‘ಮನಿ’ ಎಂದೇ ಹೇಳುತ್ತಾನೆ. ಅದು ನುಂಗಿದ ಮಾತಲ್ಲ, ಈ ನೆಲದ ರೂಪ. ‘ಬರ್ತೀನಿ’ಯಲ್ಲಿ ಎರಡೂ ಇವೆ: ನಡುವೆ ಉಕಾರ ಬಿದ್ದದ್ದು ಬಾಯಿಯ ವೇಗದಿಂದ, ಕೊನೆಯಲ್ಲಿ ‘ನೆ’ ಹೋಗಿ ‘ನಿ’ ಬಂದದ್ದು ಸೀಮೆಯಿಂದ. ನಿಧಾನವಾಗಿ ಹೇಳಿಸಿದಾಗ ಮರಳಿ ಬರುವುದು ಯಾವುದು, ಬಾರದಿರುವುದು ಯಾವುದು ಎಂದು ನೋಡಿದರೆ ಎರಡನ್ನೂ ಬೇರ್ಪಡಿಸಬಹುದು. ಇಷ್ಟು ಸುಲಭದ ಪರೀಕ್ಷೆಯನ್ನು ನಾವು 34 ವರ್ಷ ಮಾಡಲಿಲ್ಲ.

ಇನ್ನು ಸ್ವರ ಬೀಳುವುದಕ್ಕೂ ಕಟ್ಟಳೆಯಿದೆ. ಕೆಲಸ ಕೆಲ್ಸವಾಗುತ್ತದೆ, ಹೆಸರು ಹೆಸ್ರಾಗುತ್ತದೆ, ಮಕ್ಕಳು ಮಕ್ಳಾಗುತ್ತಾರೆ. ಎಲ್ಲ ಕಡೆಯೂ ಬಿದ್ದದ್ದು ನಡುವಿನ ಹ್ರಸ್ವ ಸ್ವರ. ಮೊದಲ ಅಕ್ಷರದ ಸ್ವರವನ್ನು ನುಂಗಿ ‘ಕ್ಲಸ’ ಎಂದವನನ್ನು ನಾವು ಎಂದೂ ಕೇಳಿಲ್ಲ. ನಡುವಿನ ಸ್ವರ ದೀರ್ಘವಾಗಿದ್ದರೂ ಅದು ಅಲುಗುವುದಿಲ್ಲ. ಎಷ್ಟೇ ಅವಸರವಿರಲಿ, ಪುರಾಣವನ್ನು ‘ಪುರ್ಣ’ ಎನ್ನುವವರಿಲ್ಲ, ಬಜಾರವನ್ನು ‘ಬಜ್ರ’ ಎನ್ನುವವರಿಲ್ಲ. ಕೇಳುವವನು ಶಬ್ದವನ್ನು ಗುರುತಿಸಲು ಮೊದಲು ಹಿಡಿಯುವುದು ಅದರ ತಲೆಯನ್ನು. ಆದ್ದರಿಂದ ತಲೆ ಭದ್ರ. ದೀರ್ಘವನ್ನು ಬಿಟ್ಟರೆ ಶಬ್ದವೇ ಬೇರೆಯಾದೀತು. ಆದ್ದರಿಂದ ದೀರ್ಘವೂ ಭದ್ರ. ಇಲ್ಲದಿದ್ದರೂ ನಡೆಯುವಂಥದು ಯಾವುದೋ ಅದೇ ಬೀಳುತ್ತದೆ. ಸೋಮಾರಿತನಕ್ಕೆ ಇಷ್ಟು ವಿವೇಕವಿರುವುದಿಲ್ಲ.

ಸ್ವರ ಬಿದ್ದ ಮೇಲೆ ಮುಂದಿನ ಕೆಲಸ ಶುರುವಾಗುತ್ತದೆ. ‘ಹೋಗುತ್ತಾನೆ’ ಎಂಬುದು ‘ಹೋಗ್ತಾನ’ ಆದಾಗ, ದೂರವಿದ್ದ ಗ ಮತ್ತು ತ ಎರಡೂ ಮೈಗೆ ಮೈ ತಾಗಿ ನಿಲ್ಲುತ್ತವೆ. ಗಂಟಲ ಮೇಲೆ ಬೆರಳಿಟ್ಟು ನೋಡಿದರೆ, ಗಕಾರ ಹೇಳುವಾಗ ನಡುಕ ಸಿಗುತ್ತದೆ, ತಕಾರದಲ್ಲಿ ಅದು ನಿಲ್ಲುತ್ತದೆ. ಅವಸರದಲ್ಲಿ ಆ ನಡುಕ ಸ್ವಲ್ಪ ಮೊದಲೇ ನಿಂತರೆ ಗಕಾರ ಕಕಾರವಾಗಿ, ‘ಹೋಕ್ತಾನ’ ಎಂದು ಕೇಳಿಸುತ್ತದೆ. ಮಳೆಗಾಲದಲ್ಲಿ ನಡೆದದ್ದು ಇದರ ತಿರುವು. ಅಲ್ಲಿ ಕಕಾರದ ಹಿಂದೆಯೂ ಮುಂದೆಯೂ ಸ್ವರಗಳಿವೆ, ಎರಡಕ್ಕೂ ಗಂಟಲ ನಡುಕ ಬೇಕು. ನಡುವಿನ ಒಂದು ಕ್ಷಣಕ್ಕಾಗಿ ನಿಲ್ಲಿಸಿ ಮತ್ತೆ ಹಚ್ಚುವುದಕ್ಕಿಂತ ನಡುಕವನ್ನು ಹಾಗೆಯೇ ಬಿಡುವುದು ಹಗುರ, ಆದ್ದರಿಂದ ಕ ಗ ಆಗುತ್ತದೆ. ಕಂಬನಿಯಲ್ಲಿ ಎರಡು ಕೆಲಸಗಳು ಒಟ್ಟಿಗೆ ಆಗಿವೆ. ಮುಂದೆ ಬರುವ ಪಕಾರಕ್ಕಾಗಿ ತುಟಿಗಳು ಬೇಗನೆ ಮುಚ್ಚಿಕೊಳ್ಳುವುದರಿಂದ ಣಕಾರ ಮಕಾರವಾಗುತ್ತದೆ. ಮಕಾರದ ಗಂಟಲ ನಡುಕ ಮುಂದುವರಿಯುವುದರಿಂದ ಪಕಾರ ಬಕಾರವಾಗುತ್ತದೆ. ಒಂದು ಮುಂದಿನದನ್ನು ನೋಡಿ ಬದಲಾಯಿತು, ಇನ್ನೊಂದು ಹಿಂದಿನದನ್ನು ನೋಡಿ.

ನಮ್ಮ ಲಿಪಿಯೇ ಈ ಗುಟ್ಟನ್ನು ಒಪ್ಪಿಕೊಂಡಿದೆ. ಅಂಕ, ಅಂಚು, ಅಂಟು, ಅಂದ, ಅಂಬು ಎಂಬಲ್ಲಿ ನಾವು ಬರೆಯುವುದು ಒಂದೇ ಬಿಂದು. ಬಾಯಿ ಮಾಡುವುದು ಐದು ಬೇರೆ ಅನುನಾಸಿಕಗಳನ್ನು, ಮುಂದಿನ ಅಕ್ಷರದ ಸ್ಥಾನ ನೋಡಿಕೊಂಡು. ಇದನ್ನು ಯಾವ ಮಗುವಿಗೂ ಕಲಿಸಬೇಕಾಗಿಲ್ಲ.

ವಾಸ್ತವವಾಗಿ ಬಾಯಿಯು ಅಕ್ಷರಗಳನ್ನು ಮಣಿಗಳಂತೆ ಒಂದಾದ ಮೇಲೊಂದು ಪೋಣಿಸುವುದೇ ಇಲ್ಲ. ವಾಚಕರು ಒಂದು ಕನ್ನಡಿಯನ್ನು ಹಿಡಿದು ‘ಸೀರೆ’ ಎಂದೂ ‘ಸೂರ್ಯ’ ಎಂದೂ ಹೇಳಿ ನೋಡಬೇಕು. ಸಕಾರ ಎರಡರಲ್ಲೂ ಒಂದೇ. ಆದರೆ ‘ಸೂರ್ಯ’ ಎನ್ನುವಾಗ ಸಕಾರ ಹೊರಡುವ ಮೊದಲೇ ತುಟಿಗಳು ದುಂಡಗಾಗಿರುತ್ತವೆ; ಬರಲಿರುವ ಊಕಾರಕ್ಕೆ ಅವು ಸಿದ್ಧವಾಗಿ ನಿಂತಿವೆ. ಸಹಜವಾದ ಮಾತಿನಲ್ಲಿ ಒಂದು ಸೆಕೆಂಡಿಗೆ 10ರಿಂದ 15 ಧ್ವನಿಗಳು ಹೊರಡುತ್ತವೆ. ನಾಲಗೆ, ತುಟಿ, ಗಂಟಲುಗಳು ಒಂದು ಧ್ವನಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರೆ ಈ ವೇಗ ಸಾಧ್ಯವಿಲ್ಲ. ಒಬ್ಬ ರೊಟ್ಟಿ ತಟ್ಟುವಷ್ಟರಲ್ಲಿ ಇನ್ನೊಬ್ಬ ಹಂಚು ಕಾಯಿಸುವಂತೆ, ಒಂದು ಧ್ವನಿ ನಡೆಯುತ್ತಿರುವಾಗಲೇ ಮುಂದಿನದರ ಸಿದ್ಧತೆ ಸಾಗುತ್ತದೆ. ಧ್ವನಿಗಳ ಈ ಒತ್ತೊತ್ತಾದ ಉಚ್ಚಾರಣೆಗೆ ಸಹೋಚ್ಚಾರಣೆ ಎನ್ನಬಹುದು. ನಿಧಾನವಾದ ಮಾತಿನಲ್ಲೂ ಇದು ಇರುತ್ತದೆ. ವೇಗ ಹೆಚ್ಚಿದಂತೆ ಇದೇ ಬೆಳೆದು ಸಮೀಕರಣವೂ ಲೋಪವೂ ಆಗುತ್ತದೆ.

ನಮ್ಮ ಸೊಸೆಯ ‘ತೊಗೊಂಡ್ರೇನ್ರಿ’ಯನ್ನೇ ಬಿಡಿಸಿ ನೋಡೋಣ. ಮೂಲದಲ್ಲಿ ‘ತೆಗೆದುಕೊಂಡಿರೇನ್ರಿ’. ಮೊದಲು ‘ತೆಗೆದು’ ಎಂಬುದರ ಬಾಲ ಮುಂದಿನ ‘ಕೊಂಡಿ’ಯಲ್ಲಿ ಕರಗಿತು, ತಕಾರದ ಮುಂದೆ ಒಂದು ಗಕಾರ ಉಳಿಯಿತು. ಆ ಗಕಾರಕ್ಕೆ ಒಕಾರ ಅಂಟಿದ್ದರಿಂದ ತುಟಿಗಳು ದುಂಡಗಾಗಬೇಕು. ಅವು ಒಂದು ಅಕ್ಷರ ಮೊದಲೇ, ತಕಾರದಲ್ಲಿಯೇ, ದುಂಡಗಾದವು; ‘ತೆ’ ಹೋಗಿ ‘ತೊ’ ಆಯಿತು. ‘ಡಿ’ಯ ಹ್ರಸ್ವ ಇಕಾರ ಬಿದ್ದು ‘ಡ್ರೇ’ ಆಯಿತು. ಕನ್ನಡದಲ್ಲಿ ಇದೇ ಬಗೆಯ ಉದ್ದನೆಯ ಕ್ರಿಯಾಪದಗಳು ಎಷ್ಟೋ ಇವೆ, ಆದರೆ ಎಲ್ಲವೂ ಇಷ್ಟು ಸವೆದಿಲ್ಲ. ತೆಗೆದುಕೊಳ್ಳುವುದು ದಿನಕ್ಕೆ ನೂರು ಸಲ ಬರುವ ಮಾತು. ಹೆಚ್ಚು ಜನ ತುಳಿದ ಮೆಟ್ಟಿಲೇ ಹೆಚ್ಚು ಸವೆಯುತ್ತದೆ.

ಹೀಗೆ ಸವೆದ ಮಾತು ತಿಳಿಯುವುದು ಹೇಗೆ ಎಂಬ ನಮ್ಮ ಮೊದಲಿನ ಪ್ರಶ್ನೆಗೆ ಒಂದು ಪ್ರಯೋಗ ಉತ್ತರ ಕೊಟ್ಟಿತು. 1963ರಲ್ಲಿ ಅಮೆರಿಕದ ಫಿಲಿಪ್ ಲೀಬರ್ಮನ್ ಎಂಬ ವಿದ್ವಾಂಸರು ಎರಡು ಇಂಗ್ಲಿಷ್ ವಾಕ್ಯಗಳನ್ನು ಓದಿಸಿ ಧ್ವನಿಮುದ್ರಿಸಿದರು. ಎರಡರ ಕೊನೆಯಲ್ಲೂ ‘ನೈನ್’, ಅಂದರೆ ಒಂಬತ್ತು. ಒಂದು ವಾಕ್ಯ, ಸಕಾಲಕ್ಕೆ ಹಾಕಿದ ಒಂದು ಹೊಲಿಗೆ ಮುಂದಿನ ಒಂಬತ್ತನ್ನು ಉಳಿಸುತ್ತದೆ ಎಂಬ ಎಲ್ಲರಿಗೂ ಗೊತ್ತಿರುವ ಗಾದೆ. ಇನ್ನೊಂದು, ಈಗ ನೀವು ಕೇಳುವ ಸಂಖ್ಯೆ ಒಂಬತ್ತು ಎಂಬ ಅರ್ಥದ ವಾಕ್ಯ. ಎರಡರಿಂದಲೂ ಆ ಒಂದು ಶಬ್ದವನ್ನು ಕತ್ತರಿಸಿ ತೆಗೆದು ಕೇಳಿಸಿದಾಗ, ಗಾದೆಯಿಂದ ತೆಗೆದ ‘ನೈನ್’ ಕೇಳುಗರಿಗೆ ಅಷ್ಟು ಸ್ಪಷ್ಟವಾಗಲಿಲ್ಲ. ಗಾದೆಯಲ್ಲಿ ಕೇಳುವವನಿಗೆ ಆ ಶಬ್ದ ಮೊದಲೇ ಗೊತ್ತು; ಆದ್ದರಿಂದ ಹೇಳುವವನು ತಿಳಿಯದೆಯೇ ಅದನ್ನು ತೇಲಿಸಿಬಿಡುತ್ತಾನೆ. ಎರಡನೆಯದರಲ್ಲಿ ಯಾವ ಸಂಖ್ಯೆಯೂ ಬರಬಹುದು. ಆದ್ದರಿಂದ ಬಾಯಿ ಪೂರ್ತಿ ದುಡಿಯುತ್ತದೆ. ಸ್ವೀಡನ್ನಿನ ಬ್ಯೋರ್ನ್ ಲಿಂಡ್‌ಬ್ಲೋಮ್ ಅವರು 1990ರಲ್ಲಿ ಇಂಥ ಸಂಗತಿಗಳನ್ನೆಲ್ಲ ಒಂದು ತತ್ತ್ವಕ್ಕೆ ತಂದರು. ಮಾತಾಡುವವನು ತನ್ನ ಶ್ರಮವನ್ನು ಉಳಿಸಲು ನೋಡುತ್ತಾನೆ, ಆದರೆ ಕೇಳುವವನಿಗೆ ತಿಳಿಯುವಷ್ಟು ಖರ್ಚನ್ನು ಮಾಡಲೇಬೇಕು. ಗಳಿಗೆ ಗಳಿಗೆಗೂ ಈ ಲೆಕ್ಕ ನಡೆದೇ ಇರುತ್ತದೆ.

ಇದು ತಿಳಿದಾಗ ಸೊಸೆಯ ಅಕ್ಷರ ಅಕ್ಷರದ ಮಾತು ನಮಗೆ ಏಕೆ ನಿಲುಕಲಿಲ್ಲವೆಂಬುದೂ ತಿಳಿಯಿತು. ನಮ್ಮ ಕಿವಿ ಅಕ್ಷರಗಳನ್ನು ಕೂಡಿಸಿ ಶಬ್ದ ಮಾಡುವುದಲ್ಲ. ಮಾತಿನ ಏರಿಳಿತ, ಉದ್ದಗಿಡ್ಡ, ಒಂದು ಧ್ವನಿಯಲ್ಲಿ ಸೂಚಿತವಾಗುವ ಮುಂದಿನ ಧ್ವನಿ, ಇವೆಲ್ಲವನ್ನೂ ಹಿಡಿದು ಇಡೀ ಶಬ್ದವನ್ನು ಊಹಿಸುತ್ತದೆ. ಕೊಯ್ದು ಇಟ್ಟ ಅಕ್ಷರಗಳಲ್ಲಿ ಆ ಸೂಚನೆಗಳೆಲ್ಲ ಹೋಗಿರುತ್ತವೆ. ಹಾಗೆ ಬಿಡಿಸಿ ಓದುವ ಒಂದನೆಯ ತರಗತಿಯ ಮಗು ತಾನೇ ಓದಿದ್ದನ್ನು ಅರ್ಥ ಮಾಡಿಕೊಳ್ಳದಿರುವುದೂ ಇದರಿಂದಲೇ ಇರಬೇಕು.

ಊಹೆಗೂ ಮಿತಿಯಿದೆ. ‘ಅವರು ಬಂದರೆ ಏನು?’ ಎಂಬುದೂ, ‘ಅವರು ಬಂದರು ಏನು?’ ಎಂಬುದೂ ಸಂಧಿಯಾದ ಮೇಲೆ ‘ಬಂದರೇನು’ ಎಂದು ಒಂದೇ ಆಗುತ್ತವೆ. ಮೊದಲನೆಯದು ಬಂದರೂ ಚಿಂತೆಯಿಲ್ಲ ಎನ್ನುವುದು. ಎರಡನೆಯದು ಬಂದರೋ ಇಲ್ಲವೋ ಎಂದು ಕೇಳುವುದು. ಎದುರಿಗಿದ್ದವನಿಗೆ ದನಿಯ ರಾಗದಿಂದಲೂ ಸಂದರ್ಭದಿಂದಲೂ ಗೊಂದಲವಾಗುವುದಿಲ್ಲ. ಕಾಗದದ ಮೇಲೆ ರಾಗವಿಲ್ಲ, ಓದುವವನು ಎದುರಿಗಿಲ್ಲ. ಬರವಣಿಗೆಯಲ್ಲಿ ‘ಬಂದರೆ ಏನು’ ಎಂದು ಬಿಡಿಸಿ ಬರೆಯಬೇಕಾಗುವುದು ಅದಕ್ಕೇ. ಬರಹದ ಕನ್ನಡವು ದೂರದ ಅಪರಿಚಿತನಿಗಾಗಿ ಇರುವ ಕನ್ನಡ; ಅದು ಮನೆಯ ಕನ್ನಡಕ್ಕಿಂತ ಶುದ್ಧವೆಂದಲ್ಲ.

ಶುದ್ಧವೆಂಬುದಾದರೂ ಏನು? ಹಳಗನ್ನಡದಲ್ಲಿ ‘ಇರ್ಪತ್ತು’ ಎಂದಿದ್ದದ್ದು ಇಂದು ‘ಇಪ್ಪತ್ತು’, ‘ಇರ್ದಂ’ ಎಂದಿದ್ದದ್ದು ‘ಇದ್ದನು’. ರೇಫವು ಮುಂದಿನ ವ್ಯಂಜನದಲ್ಲಿ ಕರಗಿಹೋಗಿದೆ. ಒಂದಾನೊಂದು ಕಾಲದ ಆಡುಮಾತಿನ ಸವೆತವೇ ಇಂದು ಪಠ್ಯಪುಸ್ತಕದ ರೂಪ. ‘ಇಪ್ಪತ್ತು’ ಎಂದು ಬರೆದವನಿಗೆ ನಾವು ಪೂರ್ತಿ ಅಂಕ ಕೊಟ್ಟೆವು. ನಮ್ಮ ನೆರೆಯ ಮರಾಠಿಯಲ್ಲಿ ‘ಕರತೋ ಆಹೇ’ ಎಂಬುದು ಮಾತಿನಲ್ಲಿ ‘ಕರತೋಯ’ ಆಗಿದೆ, ಕಥೆ ಕಾದಂಬರಿಗಳಲ್ಲಿಯೂ ಅಚ್ಚಾಗುತ್ತದೆ. ಅದಕ್ಕಾಗಿ ಯಾರೂ ನಾಚಿದ್ದನ್ನು ನಾವು ಕಂಡಿಲ್ಲ. ನಮ್ಮ ‘ಮಾಡಲಿಕ್ಕೆ ಹತ್ತೀನಿ’ ಎಂಬುದು ‘ಮಾಡಾಕತ್ತೀನಿ’ ಆದದ್ದೂ ಅದೇ ದಾರಿಯಿಂದಲೇ: ಹಕಾರ ಬಿತ್ತು, ಎರಡು ಪದ ಒಂದಾಯಿತು. ಆದರೆ ನಮ್ಮ ಮಕ್ಕಳು ಅದನ್ನು ಹೇಳುವಾಗ ಮಾಸ್ತರರ ಮುಖ ನೋಡಿ ಅರ್ಧಕ್ಕೆ ನಿಲ್ಲಿಸುತ್ತಿದ್ದರು.

ನಾವು ನಗಿಸಿದ ಆ ಹುಡುಗ ಬಹಳ ವರ್ಷಗಳ ಮೇಲೆ ಸೊಲ್ಲಾಪುರದ ಬಸ್ ನಿಲ್ದಾಣದಲ್ಲಿ ಭೇಟಿಯಾದ. ಕಾಲು ಮುಟ್ಟಿ ನಮಸ್ಕರಿಸಿದ, ಚಹಾ ಕುಡಿಸಿದ. ಮಕ್ಕಳು ಯಾವ ಶಾಲೆಯಲ್ಲಿದ್ದಾರೆಂದು ಕೇಳಿದೆವು. “ಮರಾಠಿ ಸಾಲಿಗಿ ಹಾಕೀನ್ರಿ ಗುರುಗಳ. ನಮ್ಮ ಕನ್ನಡ ಶುದ್ಧ ಇಲ್ಲಲ್ರಿ, ಅವಕ್ಕ ಯಾಕ ಆ ತ್ರಾಸು” ಎಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ನಮಗೆ ಹೆಚ್ಚು ನೋವಾಯಿತು. ಗಡಿಯಲ್ಲಿ ಕನ್ನಡ ಶಾಲೆಗಳು ಖಾಲಿಯಾಗುವುದಕ್ಕೆ ಹಲವು ಕಾರಣಗಳಿವೆ, ಸಭೆಗಳಲ್ಲಿ ನಾವೂ ಅವನ್ನು ಎಣಿಸಿದ್ದೇವೆ. ಆ ಪಟ್ಟಿಯಲ್ಲಿ ನಮ್ಮ ಕೆಂಪು ಮಸಿಯನ್ನು ಒಮ್ಮೆಯೂ ಸೇರಿಸಿರಲಿಲ್ಲ.

ಇಂದು ಆ ತರಗತಿ ಮತ್ತೆ ಸಿಕ್ಕರೆ ನಾವು ಅವನ ಎರಡು ಸಾಲನ್ನು ಹಲಗೆಯ ಮೇಲೆ ಹಾಗೆಯೇ ಬರೆಯುತ್ತೇವೆ. ಅದರ ಕೆಳಗೆ ಬರಹದ ಸಾಲನ್ನು ಬರೆದು, ಮೇಲಿನದರಲ್ಲಿ ಯಾವ ಸ್ವರ ಎಲ್ಲಿ ಬಿತ್ತು, ಏಕೆ ಅದೇ ಬಿತ್ತು, ಯಾವುದು ಬೀಳಲಿಲ್ಲ ಎಂದು ಮಕ್ಕಳಿಂದಲೇ ಹುಡುಕಿಸುತ್ತೇವೆ. ಲೋಪಸಂಧಿಯ ಪಾಠಕ್ಕೆ ಬೇರೆ ಉದಾಹರಣೆ ಬೇಕಾಗುವುದಿಲ್ಲ. ಬರೆಯುವಾಗ ಕೆಳಗಿನ ಸಾಲು, ಅಪ್ಪನಿಗೆ ಹೇಳುವಾಗ ಮೇಲಿನ ಸಾಲು ಎಂದು ಹೇಳುತ್ತೇವೆ.

ಮನೆಯಲ್ಲಿ ಈಗ ಒಂದು ಒಪ್ಪಂದವಾಗಿದೆ. ಸೊಸೆ ಎದುರಿಗೆ ಬಂದು ನಿಲ್ಲುತ್ತಾಳೆ, ತುಟಿಗಳು ನಮಗೆ ಕಾಣಬೇಕು. “ಗುಳಿಗಿ” ಎಂದು ಆ ಒಂದು ಶಬ್ದವನ್ನು ಪೂರ್ತಿಯಾಗಿ ಹೇಳಿ ಅರೆಗಳಿಗೆ ತಡೆಯುತ್ತಾಳೆ. ಉಳಿದ “ತೊಗೊಂಡ್ರೇನ್ರಿ” ಎಂದಿನ ಓಟದಲ್ಲೇ ಬರುತ್ತದೆ. ಅದನ್ನು ಊಹಿಸುವಷ್ಟು ಕನ್ನಡ ನಮ್ಮಲ್ಲಿ ಇನ್ನೂ ಉಳಿದಿದೆ. “ತೊಗೊಂಡೀನವ್ವಾ” ಎನ್ನುತ್ತೇವೆ ನಾವು, ಒಂದು ಸ್ವರವನ್ನೂ ಮರಳಿ ಸೇರಿಸದೆ.